ಪಿಸಿಆರ್ ಒಂದೇ ದಿನದಲ್ಲಿ 1.2ರಿಂದ 1.5: ಯಾರ ಮಾತು ನಂಬೋದು?

ಕೇಳಿದವರು: ಇಂಡೆಕ್ಸ್ ಪಿಸಿಆರ್, ಅಂದರೆ ತೆರೆದಿರುವ ಪುಟ್ ಕಾಂಟ್ರಾಕ್ಟ್‌ಗಳನ್ನು ಕಾಲ್ ಕಾಂಟ್ರಾಕ್ಟ್‌ಗಳಿಂದ ಭಾಗಿಸಿದ ರೇಶಿಯೋ, ನಿನ್ನೆ 1.2 ಇತ್ತು, ಇವತ್ತು 1.5. ಒಬ್ಬರು ಬುಲಿಶ್ ಅಂತಾರೆ, ಇನ್ನೊಬ್ಬರು ಮಾರ್ಕೆಟ್ ಹೆದರಿದೆ ಅಂತಾರೆ. ಬಳಸಿ ಗೊತ್ತಿರುವವರು ಹೇಳಿ.

ರೈಟರ್ ಪಕ್ಷ: ಹೆದರಿಕೆ ಗಿದರಿಕೆ ಏನೂ ಇಲ್ಲ. ಪುಟ್ ಬರೆಯೋರು, ಅಂದರೆ ಮಾರೋರು, ದೊಡ್ಡ ದುಡ್ಡಿನವರು, ಮಾರ್ಜಿನ್ ಕಟ್ಟಿ ಕೂರುವವರು. ಓಐ, ಅಂದರೆ ತೆರೆದಿರುವ ಕಾಂಟ್ರಾಕ್ಟ್‌ಗಳ ಸಂಖ್ಯೆ, ಏರಿದ ಸ್ಟ್ರೈಕ್‌ನ ಕೆಳಗೆ ಮಾರ್ಕೆಟ್ ಹೋಗೋದನ್ನು ಅವರು ಸುಲಭಕ್ಕೆ ಬಿಡಲ್ಲ. ನಾನು 1.3 ಮೇಲಿದ್ದರೆ ಲಾಂಗ್ ಕಡೆ ಮಾತ್ರ ನೋಡ್ತೀನಿ.

ಛೇದ ನೋಡಿ: ಪುಟ್ ಓಐ ಏರಿದೆ ಅಂತ ಯಾರು ಹೇಳಿದ್ದು? ನಿನ್ನೆ ಪುಟ್ 60 ಲಕ್ಷ, ಕಾಲ್ 50 ಲಕ್ಷ ಅಂತಿಟ್ಟುಕೊಳ್ಳಿ, 1.2. ಇವತ್ತು ಪುಟ್ ಅಲ್ಲೇ 60, ಕಾಲ್ ಮಾತ್ರ 40ಕ್ಕೆ ಇಳಿದರೂ 1.5 ಬರುತ್ತೆ. ಹೊಸದಾಗಿ ಒಂದು ಪುಟ್ಟೂ ಸೇರಿಲ್ಲ. ಆಮೇಲೆ ಆ 10 ಲಕ್ಷ ಕಾಲ್ ಹೇಗೆ ಕರಗಿತು ಅಂತ ನೋಡಬೇಕು. ಕಾಲ್ ಪ್ರೀಮಿಯಂ ಏರುತ್ತಾ ಓಐ ಇಳಿದಿದ್ದರೆ ಬರೆದವರು ಹೆದರಿ ಕವರ್ ಮಾಡಿರೋ ಸಾಧ್ಯತೆ ಹೆಚ್ಚು. ಪ್ರೀಮಿಯಂ ಬೀಳುತ್ತಾ ಓಐಯೂ ಇಳಿದಿದ್ದರೆ ಕೊಂಡವರು ಕೈಚೆಲ್ಲಿ ಹೊರಟಿರಬಹುದು. ಎರಡೂ ಕಡೆ ರೇಶಿಯೋ ಅದೇ 1.5, ಅರ್ಥ ತದ್ವಿರುದ್ಧ.

ವಾರದ ಆಟ: ನನ್ನದು ವೀಕ್ಲಿ ಆಪ್ಶನ್. 34ರ ಪ್ರೀಮಿಯಂನ ಪುಟ್‌ಗೆ ಬಿಡ್-ಆಸ್ಕ್ ಅಂತರ 2 ಇದ್ದರೆ ಒಳಗೆ ಹೋಗಿ ಹೊರಗೆ ಬರೋದಕ್ಕೇ 2 ಹೋಯ್ತು, ಅಂದರೆ ಸುಮಾರು ಶೇ 6. ಮೇಲೆ ಬ್ರೋಕರೇಜು, ತೆರಿಗೆ ಬೇರೆ. ಪಿಸಿಆರ್ ನೋಡಿ ದಿನಕ್ಕೆ ಮೂರು ಸಲ ದಿಕ್ಕು ಬದಲಿಸಿದರೆ ಊಹೆ ಸರಿಯಾದರೂ ಖಾತೆ ಕರಗುತ್ತೆ. ಇದನ್ನು ಯಾರೂ ಹೇಳಲ್ಲ.

ಛೇದ ನೋಡಿ: ಅವರು ಕೇಳಿದ್ದು ಖರ್ಚಿನ ಲೆಕ್ಕ ಅಲ್ಲ. ವೀಕ್ಲಿ ಅಂದಿರಲ್ಲ, ಅಲ್ಲೇ ಇನ್ನೊಂದು ಗುಂಡಿ ಇದೆ. ಆ 60 ಮತ್ತು 50ರಲ್ಲಿ ಈ ವಾರದ ಪುಟ್ 24, ಕಾಲ್ 30. ಮುಂದಿನ ಎಕ್ಸ್‌ಪೈರಿಯ ಪುಟ್ 36, ಕಾಲ್ 20 ಇದ್ದರೆ? ಈ ವಾರದ್ದು ಮುಗಿದ ಮರುದಿನ ಬೆಳಿಗ್ಗೆ ಉಳಿಯೋದು 36 ಭಾಗಿಸು 20, ಅಂದರೆ 1.8. ರಾತ್ರೋರಾತ್ರಿ ಯಾರ ಮನಸ್ಸೂ ಬದಲಾಗಿಲ್ಲ. ಎಕ್ಸ್‌ಪೈರಿ ಪ್ರಕಾರ ಬಿಡಿಸದೆ ಹಾಕಿದ ಚಾರ್ಟ್‌ನಲ್ಲಿ ಇಂಥ ಜಿಗಿತ ಆಗಾಗ ಬರುತ್ತೆ.

ರೈಟರ್ ಪಕ್ಷ: ಅಷ್ಟೆಲ್ಲಾ ಯಾಕೆ? ಪುಟ್ ಓಐ ಏರಿ ಪ್ರೀಮಿಯಂ ಇಳಿದರೆ ರೈಟಿಂಗ್. ಮುಗೀತು.

ಛೇದ ನೋಡಿ: ಅರ್ಧ ಸರಿ. ದಿನ ಕಳೆದರೆ ಪ್ರೀಮಿಯಂ ತಾನಾಗೇ ಇಳಿಯುತ್ತೆ, ಇಂಡೆಕ್ಸ್ ಏರಿದರೂ ಇಳಿಯುತ್ತೆ. ಇಂಡೆಕ್ಸ್ 10,000, 9,800ರ ಪುಟ್, 10 ದಿನ ಬಾಕಿ, ಐವಿ ಅಂದರೆ ಬೆಲೆಯಲ್ಲಿ ಅಡಗಿರೋ ಏರಿಳಿತದ ಅಂದಾಜು 16 ಇದ್ದರೆ ಬೆಲೆ 34ರ ಆಸುಪಾಸು. ಮರುದಿನ ಇಂಡೆಕ್ಸ್ 30 ಅಂಕ ಬಿತ್ತು ಅನ್ನಿ. ಡೆಲ್ಟಾದಿಂದ ಸುಮಾರು 7 ಸೇರಿ, ಸಮಯದ ಸವೆತಕ್ಕೆ 4 ಹೋಗಿ, 37 ಆಗಬೇಕು. ಓಐ ಏರಿಯೂ ಬೆಲೆ 32ರಲ್ಲೇ ನಿಂತಿದ್ದರೆ ಐವಿ ಹೆಚ್ಚುಕಡಿಮೆ 15ಕ್ಕೆ ಇಳಿದಿದೆ, ಮಾರುವವರ ಒತ್ತಡ ಜಾಸ್ತಿ. 42 ಇದ್ದರೆ ಐವಿ 17, ಕೊಳ್ಳುವವರು ಮುಗಿಬಿದ್ದಿದ್ದಾರೆ. ಬರೀ 34ಕ್ಕೂ 32ಕ್ಕೂ ಹೋಲಿಸಿದರೆ ಕಥೆಯ ಅರ್ಧ ಕೈಬಿಟ್ಟು ಹೋಗುತ್ತೆ.

ಹೆಡ್ಜ್ ಹಿತೈಷಿ: ಇಬ್ಬರೂ ಕೊಳ್ಳೋರನ್ನೂ ಮಾರೋರನ್ನೂ ಒಂಟಿ ಜನ ಅಂದ್ಕೊಂಡಿದೀರಿ. ಫಂಡ್‌ನವರು ಷೇರು ಹಿಡಿದುಕೊಂಡೇ ಇಂಡೆಕ್ಸ್ ಪುಟ್ ಕೊಳ್ತಾರೆ. ಅದು ಮಾರ್ಕೆಟ್ ಬೀಳುತ್ತೆ ಅನ್ನೋ ಪಣ ಅಲ್ಲ, ವಿಮೆ. ಅದಕ್ಕೇ ಅಮೆರಿಕದ ಆಪ್ಶನ್ ಎಕ್ಸ್‌ಚೇಂಜ್ ಸಿಬಿಒಇ ಇಂಡೆಕ್ಸ್ ರೇಶಿಯೋ ಬೇರೆ, ಬಿಡಿ ಷೇರುಗಳ ರೇಶಿಯೋ ಬೇರೆ ಪ್ರಕಟಿಸೋದು. ಇಂಡೆಕ್ಸ್‌ನದು ಮಾಮೂಲಿ ದಿನಗಳಲ್ಲೂ 1ರ ಮೇಲೆ ಇರೋದು ಸಹಜ, ಷೇರುಗಳದು 1ಕ್ಕಿಂತ ಕೆಳಗೆ. ಅಲ್ಲಿ ಜನ ನೋಡೋದು ದಿನದ ವಾಲ್ಯೂಮ್ ರೇಶಿಯೋ, ನೀವು ಜಗಳ ಆಡ್ತಿರೋದು ಓಐ ಮೇಲೆ. ವಾಲ್ಯೂಮ್ ರೇಶಿಯೋ ವಿಪರೀತ ಏರಿದಾಗ ಭಯ ಅತಿಯಾಗಿದೆ ಅಂತ ಉಲ್ಟಾ ಓದೋದು ಹಳೇ ಪದ್ಧತಿ. ಆ ಪದ್ಧತಿಯ ಅಳತೆಯನ್ನು ಓಐಗೆ ಅಂಟಿಸಿದರೆ ಹೀಗೇ ಗೋಜಲು.

ರೈಟರ್ ಪಕ್ಷ: ಹಾಗಾದ್ರೆ ನನ್ನ 1.3 ಎಲ್ಲಿಂದ ತಪ್ಪು?

ಹೆಡ್ಜ್ ಹಿತೈಷಿ: ಅದು ಯಾವ ಸಾಧನದ್ದು, ಯಾವ ಎಕ್ಸ್‌ಪೈರಿಯದ್ದು, ಎಷ್ಟು ತಿಂಗಳ ಸರಾಸರಿಗೆ ಹೋಲಿಸಿದ್ದು ಅಂತ ಹೇಳಿ, ಆಮೇಲೆ ಮಾತಾಡೋಣ.

ರೈಟರ್ ಪಕ್ಷ: ಲೆಕ್ಕದ ಮೇಷ್ಟ್ರುಗಳು ಟ್ರೇಡ್ ಹಾಕಿದ್ದು ನೋಡಿಲ್ಲ ನಾನು.

ವಾರದ ಆಟ: ಸ್ಪ್ರೆಡ್ ಹಾಕೋರ ಲೆಕ್ಕ ಎಲ್ಲಿ ಬಂತು? ಒಂದು ಪುಟ್ ಕೊಂಡು ಕೆಳಗಿನ ಸ್ಟ್ರೈಕ್ ಬರೆದರೆ ಪುಟ್ ಬದಿಗೇ ಎರಡು ಕಾಂಟ್ರಾಕ್ಟ್ ಸೇರುತ್ತೆ, ಕಾಲ್ ಬದಿಗೆ ಸೊನ್ನೆ.

ಛೇದ ನೋಡಿ: ಈ ಸಲ ನಿಮ್ಮ ಮಾತು ಸರಿ. ಅದನ್ನು ಓಐಯಿಂದ ಬಿಡಿಸೋ ದಾರಿ ಇಲ್ಲ. ಎರಡು ಸ್ಟ್ರೈಕ್‌ನಲ್ಲಿ ಒಂದೇ ಹೊತ್ತಿಗೆ ಸಮ ಸಂಖ್ಯೆ ಏರಿದರೆ ಅನುಮಾನ ಪಡಬಹುದು, ಅಷ್ಟೇ.

ಕೇಳಿದವರು: ಈಗ ನೋಡಿದೆ. ಪುಟ್ ಓಐ ಅಲ್ಪಸ್ವಲ್ಪ ಏರಿದೆ, ಕಾಲ್ ಓಐ ಚೆನ್ನಾಗಿ ಇಳಿದಿದೆ, ಕಾಲ್ ಪ್ರೀಮಿಯಂ ಏರಿದೆ. ನಾಳೆ ಎಕ್ಸ್‌ಪೈರಿ.

ಛೇದ ನೋಡಿ: ಕವರಿಂಗ್ ಥರ ಕಾಣುತ್ತೆ. ನಾಳೆ ಮುಗಿಯೋದನ್ನು ತೆಗೆದು ಮುಂದಿನ ಎಕ್ಸ್‌ಪೈರಿಯದ್ದೊಂದೇ ಲೆಕ್ಕ ಹಾಕಿ ಬರೆಯಿರಿ.

ರೈಟರ್ ಪಕ್ಷ: ಕವರಿಂಗ್ ಅಂದ್ರೂ ಬುಲಿಶೇ ತಾನೇ? ನಾನು ಮೊದಲೇ ಹೇಳಿದ್ದು ಅದೇ.