ಅಪ್‌ಡೇಟ್: ಮೆಂಬರ್‌ಗಳಿಗೆ ಒಪ್ಪಿಗೆ ಪತ್ರ ಕೊಟ್ಟಾಯ್ತು

ನಾನು ಕೇಳಿದ್ದು: "ನನ್ನದು ಸಣ್ಣ ಜಿಮ್. ಮೆಂಬರ್‌ಗಳ ಹಳೇ ಫೋಟೊ, ಈಗಿನ ಫೋಟೊ, ಜೊತೆಗೆ ಅವರ ಕಥೆ ಇನ್‌ಸ್ಟಾಗ್ರಾಮ್‌ಗೆ ಹಾಕಬೇಕು. ಒಪ್ಪಿಗೆ ಪತ್ರ ಹೇಗೆ ಬರೆಯಲಿ?"

ಮೊದಲ ಪತ್ರದಲ್ಲಿ ‘ಬೇಡದವರು ಭಾನುವಾರದೊಳಗೆ ತಿಳಿಸಿ’ ಎಂದಿದ್ದೆ. ನೀವೆಲ್ಲ ಬೈದಿದ್ದೂ ಅದಕ್ಕೇ. ಸುಮ್ಮನಿದ್ದವರು ಒಪ್ಪಿದ್ದಾರೆ ಅಂತ ಅಲ್ವಲ್ಲ! 2023ರ ಡೇಟಾ ರಕ್ಷಣೆ ಕಾಯ್ದೆ ಕೇಳುವುದೂ ಸ್ಪಷ್ಟವಾದ ‘ಹೂಂ’ ಅನ್ನೇ. ಆ ಸಾಲು ತೆಗೆದೆ.

ಈಗ ಪತ್ರದಲ್ಲಿ ನಾಲ್ಕು ಖಾಲಿ ಚೌಕಗಳಿವೆ: ಹೆಸರು, ಮುಖ ಕಾಣುವ ಫೋಟೊ, ತೂಕ, ಆರೋಗ್ಯದ ವಿಷಯ. ಬೇಕಾದ್ದಕ್ಕೆ ಮಾತ್ರ ಟಿಕ್. ಇದು ತುಂಬ ಕೆಲಸಕ್ಕೆ ಬಂತು. ಒಬ್ಬ ಅಕ್ಕ ಫೋಟೊಗೆ ಒಪ್ಪಿದರು, ಆದರೆ ಥೈರಾಯ್ಡ್ ವಿಷಯ ಬೇಡ ಎಂದರು. ‘ಅತ್ತೆ ಮನೆಯವರಿಗೆ ಗೊತ್ತಿಲ್ಲ ಸರ್’ ಎಂದು ಮೆಲ್ಲಗೆ ಹೇಳಿದರು. ಎಲ್ಲದಕ್ಕೂ ಒಂದೇ ಸಹಿ ಇಟ್ಟಿದ್ದರೆ ಅದೂ ಇನ್‌ಸ್ಟಾಗ್ರಾಮ್‌ಗೆ ಹೋಗಿಬಿಡುತ್ತಿತ್ತು.

ಫೀಸಿನಲ್ಲಿ ರಿಯಾಯಿತಿ ಕೊಡುವ ಯೋಚನೆ ಬಿಟ್ಟೆ. ದುಡ್ಡಿನಾಸೆಗೆ ಹೂಂ ಅಂದರೆ ಅದು ಮನಸಾರೆ ಹೇಳಿದ್ದಾಗಲ್ಲ. 18 ತುಂಬದ ಹುಡುಗರನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ, ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಕೊನೆಗೆ ಹೀಗೆ ಬರೆದೆ: ‘ಯಾವಾಗ ಬೇಕಾದರೂ ವಾಟ್ಸಾಪ್‌ನಲ್ಲಿ ಬೇಡ ಎನ್ನಿ, ನಮ್ಮ ಪೇಜಿನಿಂದ ತೆಗೆಯುತ್ತೇವೆ. ಬೇರೆಯವರು ಅಷ್ಟರಲ್ಲಿ ಉಳಿಸಿಕೊಂಡಿದ್ದರೆ ಅದು ನಮ್ಮ ಕೈಯಲ್ಲಿಲ್ಲ.’

ಒಂದು ಎಡವಟ್ಟೂ ಆಯ್ತು. ಒಪ್ಪಿದವರೊಬ್ಬರ ಫೋಟೊದಲ್ಲಿ ಹಿಂದಿನ ಕನ್ನಡಿಯೊಳಗೆ ಇನ್ನೊಬ್ಬರು ಸ್ಕ್ವಾಟ್ ಹೊಡೆಯುತ್ತಿದ್ದರು! ಹಾಕುವ ಮೊದಲೇ ಕಣ್ಣಿಗೆ ಬಿತ್ತು. ಈಗ ಖಾಲಿ ಗೋಡೆ ಮುಂದೆ ನಿಲ್ಲಿಸಿಯೇ ತೆಗೆಯುತ್ತೇನೆ.