ಪ್ಲಾಸ್ಟರ್ ಒಳಗೆ ಮೀನಖಂಡ ಕಲ್ಲಿನಂತೆ ಬಿಗಿದಿದೆ, ಬೆಳಗ್ಗೆವರೆಗೆ ಕಾಯಬಹುದಾ?

ಬ್ರಹ್ಮಾವರದಿಂದ ಕೇಳಿದವರು: ಮಧ್ಯಾಹ್ನ ಟೆಂಪೋದಿಂದ ಮುರಕಲ್ಲು ಇಳಿಸುವಾಗ ತಮ್ಮನ ಕಾಲ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ್ರು. ಈಗ ರಾತ್ರಿ 10. ನೋವಿನ ಮಾತ್ರೆ ಎರಡು ಸಲ ಕೊಟ್ಟೆವು, ಆದ್ರೂ ಅಳ್ತಾ ಇದ್ದಾನೆ. ಬೆರಳು ಬೆಚ್ಚಗಿದೆ, ಬಣ್ಣವೂ ಸರಿ ಉಂಟು. ಬೆಳಗ್ಗೆ ಓಪಿಡಿಗೆ ಹೋದ್ರೆ ಸಾಕಾ?

ಮಲ್ಪೆಯ ಬೋಟಿನವರು: ಮೂಳೆ ಮುರಿದ ಮೊದಲ ರಾತ್ರಿ ನೋವು ಇದ್ದೇ ಇರ್ತದೆ. ನನಗೂ ಆಗಿತ್ತು. ಮೂರು ದಿಂಬು ಇಟ್ಟು ಕಾಲು ಎತ್ತರ ಮಾಡಿ, ಬಾವು ಇಳೀತದೆ. ಬೆರಳು ನೀಲಿ ಆದ್ರೆ ಮಾತ್ರ ಹೆದರಬೇಕು.

ಮಣಿಪಾಲದ ನರ್ಸ್, ಮೂಳೆ ವಾರ್ಡಿನಲ್ಲಿ 14 ವರ್ಷ: ಅಣ್ಣ, ಸಾದಾ ಬಾವಿಗೆ ನೀವು ಹೇಳಿದ್ದು ಸರಿ. ಇಲ್ಲಿ ಬೇಡ, ಇದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದು, ಅಂದ್ರೆ ಕಾಲಿನ ಮಾಂಸದೊಳಗೆ ಒತ್ತಡ ಏರುವುದು. ಬೆರಳು ನೀಲಿಯಾಗುವವರೆಗೆ ಕಾದರೆ ಕಾಲು ಉಳಿಯುವುದು ಕಷ್ಟ.

ತಂಗಿ, ಒಂದು ಕೆಲಸ ಮಾಡಿ. ತಮ್ಮನ ಹತ್ತಿರ ಕಾಲು ಸಡಿಲ ಬಿಡ್ಲಿಕ್ಕೆ ಹೇಳಿ, ಹೆಬ್ಬೆರಳನ್ನು ನೀವೇ ಮೆಲ್ಲಗೆ ಕೆಳಗೆ ಬಗ್ಗಿಸಿ, ಆಮೇಲೆ ಮೇಲಕ್ಕೆ. ಬಗ್ಗಿಸಿದ್ದು ಬೆರಳು, ಜೋರು ನೋವು ಬಂದದ್ದು ಮೀನಖಂಡದಲ್ಲೋ ಮೊಣಕಾಲಿನ ಕೆಳಗಿನ ಮುಂಭಾಗದಲ್ಲೋ ಆದರೆ ಅದು ಮುರಿದ ಮೂಳೆಯ ನೋವಲ್ಲ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯನ್ನೂ ಮುಟ್ಟಿ ನೋಡಿ, ಜೋಮು ಹಿಡಿದ ಹಾಗೆ ಅನಿಸ್ತದಾ ಕೇಳಿ. ಇವೆರಡೂ ಇಲ್ಲದಿದ್ದರೂ, ಮಾತ್ರೆಗೆ ಜಗ್ಗದೆ ಏರುತ್ತಲೇ ಇರುವ ನೋವು ಒಂದೇ ಸಾಕು. ಈಗಲೇ ಹೊರಡಿ.

ಮೊಣಕಾಲಿನ ಕೆಳಗೆ ಮಾಂಸ ನಾಲ್ಕು ಕೋಣೆಗಳಲ್ಲಿ ಉಂಟು, ಪ್ರತಿ ಕೋಣೆಗೂ ಹಿಗ್ಗದ ಪೊರೆ. ಒಳಗೆ ರಕ್ತ ಸೋರಿ ಬಾವು ಬಂದರೆ ಹೋಗ್ಲಿಕ್ಕೆ ಜಾಗ ಇಲ್ಲ. ಹೊರಗಿನಿಂದ ಪ್ಲಾಸ್ಟರ್ ಬೇರೆ ಅದುಮ್ತದೆ. ಸಣ್ಣ ನಾಳಗಳು ಮುಚ್ಚಿಕೊಳ್ತವೆ, ದೊಡ್ಡ ನಾಳ ಹರೀತಾನೇ ಇರ್ತದೆ. ಹಾಗಾಗಿಯೇ ಬೆರಳು ಬೆಚ್ಚಗೆ, ಪಾದದಲ್ಲಿ ನಾಡಿಯೂ ಸಿಗ್ತದೆ, ಒಳಗೆ ಮಾತ್ರ ಮಾಂಸ ಸಾಯ್ತಾ ಇರ್ತದೆ. ಸುಮಾರು ಆರು ಗಂಟೆ ಕಳೆದರೆ ಸತ್ತದ್ದು ವಾಪಸ್ ಬರುವುದಿಲ್ಲ.

ದಿಂಬು ತೆಗೆಯಿರಿ. ಕಾಲು ಎದೆಯ ಮಟ್ಟಕ್ಕೇ ಇರಲಿ, ಎತ್ತಿದರೆ ಬರುವ ರಕ್ತವೂ ಕಡಿಮೆ ಆಗ್ತದೆ. ಎಣ್ಣೆ ತಿಕ್ಕುವುದು ಬೇಡ, ಆಪರೇಶನ್ ಬೇಕಾಗಬಹುದು ಅಂತ ಊಟ ನೀರೂ ಬೇಡ. ಕ್ಯಾಶುವಾಲ್ಟಿಯಲ್ಲಿ ಪ್ಲಾಸ್ಟರನ್ನು ಒಳಗಿನ ಹತ್ತಿಯ ಸಮೇತ ಚರ್ಮ ಕಾಣುವವರೆಗೆ ಸೀಳಲು ಹೇಳಿ. ಮೇಲಿನ ಗಟ್ಟಿ ಮಾತ್ರ ಕತ್ತರಿಸಿ ಹತ್ತಿ ಬಿಟ್ಟರೆ, ರಕ್ತ ಒಣಗಿದ ಹತ್ತಿಯೇ ಬಿಗೀತದೆ.

ಸುರತ್ಕಲ್‌ನಿಂದ: ನಮ್ಮ ಅಮ್ಮನಿಗೂ ಮೀನಖಂಡ ಹೀಗೇ ನೋಯ್ತಿತ್ತು, ಬೆಂಗಳೂರು ಬಸ್ಸಿನಲ್ಲಿ ಕೂತು ಬಂದ ಮೇಲೆ. ರಕ್ತ ಹೆಪ್ಪುಗಟ್ಟಿತ್ತು. ಮೊದಲು ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಮಣಿಪಾಲದ ನರ್ಸ್: ಅಮ್ಮನದು ಬೇರೆ ಕಾಯಿಲೆ ಅಕ್ಕ. ಇಲ್ಲಿ ಡಾಪ್ಲರ್ ಚೆನ್ನಾಗಿಯೇ ಬರಬಹುದು, ಅದನ್ನು ನೋಡಿ ಸಮಾಧಾನಪಟ್ಟುಕೊಂಡರೆ ಮೋಸ. ಸಂಶಯ ಇದ್ದರೆ ಸೂಜಿ ಹಾಕಿ ಮಾಂಸದೊಳಗಿನ ಒತ್ತಡ ಅಳೀತಾರೆ. ಬಿಪಿಯ ಕೆಳಗಿನ ಅಂಕೆ 80, ಕಾಲಿನೊಳಗೆ 55 ಅಂತಿಟ್ಟುಕೊಳ್ಳಿ. ವ್ಯತ್ಯಾಸ 25. 30ಕ್ಕಿಂತ ಕಡಿಮೆ ಇದ್ದರೆ ಪೊರೆ ಸೀಳಿ ಒತ್ತಡ ಬಿಡಿಸ್ಲಿಕ್ಕೆ ಆಪರೇಶನ್ ಥಿಯೇಟರಿಗೆ. ಲಕ್ಷಣ ಸ್ಪಷ್ಟ ಇದ್ದರೆ ಅಳೆಯಲಿಕ್ಕೂ ಕಾಯುವುದಿಲ್ಲ.

ಪಡುಬಿದ್ರಿಯವರು: ನಾನು ಕಾದವನು. ಬೈಕ್ ಕಾಲಿನ ಮೇಲೆ ಬಿದ್ದಿತ್ತು. ಸಂಜೆ 4ಕ್ಕೆ ಪ್ಲಾಸ್ಟರ್, 8ಕ್ಕೆ ನೋವು ತಡೀಲಿಕ್ಕಾಗಲಿಲ್ಲ. ಫೋನ್ ಮಾಡಿದ್ರೆ ಇಂಜೆಕ್ಷನ್ ಕೊಡಿಸಿ ಅಂದ್ರು. ರಾತ್ರಿ 2ರ ಹೊತ್ತಿಗೆ ನೋವು ತಾನಾಗಿ ಕಡಿಮೆ ಆಯ್ತು, ಮನೆಯವರು ದೇವರಿಗೆ ಕೈಮುಗಿದರು. ನರ ಸತ್ತದ್ದರಿಂದ ನೋವು ಹೋದದ್ದು ಅಂತ ಆಮೇಲೆ ಗೊತ್ತಾಯ್ತು.

ಬೆಳಗ್ಗೆ ಕಾಲಿನ ಎರಡೂ ಬದಿ ಮೊಣಕಾಲಿನಿಂದ ಹರಡಿನವರೆಗೆ ಸೀಳಿದರು. ಸೀಳಿದ್ದನ್ನು ಹೊಲೀಲಿಲ್ಲ, ಹೊಲಿದ್ರೆ ಮತ್ತೆ ಬಿಗೀತದೆ ಅಂದ್ರು. ಎರಡು ದಿನಕ್ಕೊಮ್ಮೆ ಥಿಯೇಟರಿಗೆ ಒಯ್ದು ಬೂದು ಬಣ್ಣಕ್ಕೆ ತಿರುಗಿದ ಮಾಂಸ ತೆಗೆದ್ರು, ಕೊನೆಗೆ ತೊಡೆಯ ಚರ್ಮ ತೆಗೆದು ಹೊದಿಸಿದ್ರು. ಕಾಲಿದೆ. ಪಾದ ಮೇಲಕ್ಕೆ ಎತ್ತಲಿಕ್ಕೆ ಆಗುವುದಿಲ್ಲ, ಚಪ್ಪಲಿ ಜಾರಿಹೋಗ್ತದೆ.

ಮಲ್ಪೆಯ ಬೋಟಿನವರು: ಅಷ್ಟು ತಡ ಆದ ಮೇಲೆ ಸೀಳಬೇಕಿತ್ತಾ?

ಮಣಿಪಾಲದ ನರ್ಸ್: ಅದರಲ್ಲಿ ಡಾಕ್ಟ್ರುಗಳೇ ಒಂದೇ ಮಾತು ಹೇಳುವುದಿಲ್ಲ. ಪೂರ್ತಿ ಸತ್ತ ಮಾಂಸ ತೆರೆದರೆ ಸೋಂಕು ಹೊಕ್ಕು ಕಾಲನ್ನೇ ಕತ್ತರಿಸುವ ಹಾಗೆ ಆಗಬಹುದು. ತೆರೆಯದಿದ್ದರೆ ಉಳಿದ ಜೀವವೂ ಹೋಗಬಹುದು. ಬಿಗಿಯಾದದ್ದು ಯಾವಾಗಿನಿಂದ ಅಂತ ಖಚಿತ ಗೊತ್ತಿರುವುದೇ ಕಡಿಮೆ. ತಂಗಿ, ನೋವು ಏರಿದ ಗಂಟೆ ಬರೆದಿಟ್ಟುಕೊಂಡು ಹೋಗಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದನ್ನೂ ಹೇಳಿ, ಕಿಡ್ನಿಗೆ ಏಟು ಬೀಳ್ತದೆ.

ಬ್ರಹ್ಮಾವರದಿಂದ ಕೇಳಿದವರು: ಹೆಬ್ಬೆರಳು ಬಗ್ಗಿಸಿದಾಗ ಕಿರುಚಿದ. ಭಾವ ಕಾರು ತಂದ್ರು, ಅಂಬಾಗಿಲು ದಾಟಿ ಬಂದೆವು. 11:20ಕ್ಕೆ ಪ್ಲಾಸ್ಟರ್, ಹತ್ತಿ ಎಲ್ಲ ಸೀಳಿದ್ರು. ಸ್ವಲ್ಪ ಹಗುರ ಅಂದ, ಆದ್ರೆ ಬೆರಳು ಮುಟ್ಟಲಿಕ್ಕೆ ಇನ್ನೂ ಬಿಡುವುದಿಲ್ಲ. ಸಹಿ ತೆಗೆದುಕೊಂಡು ಥಿಯೇಟರಿಗೆ ಒಯ್ದಿದ್ದಾರೆ. ಹೊರಗೆ ಕೂತಿದ್ದೇವೆ.