ಗುರುವಂದನೆಯಲ್ಲಿ ಅಕ್ಕೋರ ಪರಿಚಯ ಹೇಗೆ ಮಾಡಲಿ?

ಕೇಳಿದವರು, ಗದಗ: ನಮ್ಮ 1996ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಸ್ನೇಹ ಸಮ್ಮಿಲನಕ್ಕೆ ಗಣಿತ ಕಲಿಸಿದ ಅಕ್ಕೋರು ಮುಖ್ಯ ಅತಿಥಿ. ಅವರನ್ನು ಪರಿಚಯಿಸುವ ಕೆಲಸ ನನಗೆ ಬಂದಿದೆ. ಏನು ಹೇಳಲಿ, ಎಷ್ಟು ಹೇಳಲಿ? ಮಾಡಿ ಗೊತ್ತಿದ್ದವರು ತಿಳಿಸಿ.

ಬ್ಯಾಡಗಿಯಿಂದ: ಕ್ರಮ ಸರಳ ರೀ. ಹುಟ್ಟಿದ ಊರು, ತಂದೆ ತಾಯಿ, ಓದು, ನೌಕರಿಗೆ ಸೇರಿದ ವರ್ಷ, ವರ್ಗ ಆಗಿ ಹೋದ ಊರುಗಳು, ನಿವೃತ್ತಿ, ಪ್ರಶಸ್ತಿ, ಮಕ್ಕಳು ಈಗ ಏನು ಮಾಡ್ತಾರೆ. ಹುಟ್ಟಿದ ವರ್ಷ ಗೊತ್ತಿಲ್ಲದಿದ್ದರೆ ನಿವೃತ್ತಿ ವರ್ಷದಲ್ಲಿ 60 ಕಳೆಯಿರಿ, ಸಿಗುತ್ತದೆ. ಯಾವುದನ್ನೂ ಬಿಡಬೇಡಿ, ಹಿರಿಯರಿಗೆ ಬೇಜಾರಾಗುತ್ತದೆ.

ಧಾರವಾಡದಿಂದ, ನಿರೂಪಣೆ ಮಾಡುವವರು: ವಿವರ ಬೇಕು ಅನ್ನೋದು ಸರಿ. ಆದರೆ 60 ಕಳೆಯೋ ಲೆಕ್ಕ ಎಲ್ಲರಿಗೂ ಹೊಂದಲ್ಲ. 2008ಕ್ಕಿಂತ ಮೊದಲು ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರು 58ಕ್ಕೇ ನಿವೃತ್ತರಾಗುತ್ತಿದ್ದರು. ಸುಮ್ನೆ ಅಕ್ಕೋರಿಗೇ ಫೋನ್ ಮಾಡಿ, ಇಲ್ಲವೇ ಮನೆಯವರನ್ನು ಕೇಳಿ. ಹೆಸರು ಮತ್ತು ಅಡ್ಡಹೆಸರನ್ನು ಅವರು ಹೇಗೆ ಬರೆಯುತ್ತಾರೋ ಹಾಗೇ ಬರೆದುಕೊಳ್ಳಿ.

ಇನ್ನೊಂದು ಮಾತು. ಸನ್ಮಾನ ಇಟ್ಟುಕೊಂಡಿದ್ದೀರಾ? ಹಾಗಿದ್ದರೆ ಸನ್ಮಾನ ಪತ್ರ ಓದುವವರು ಬೇರೆ ಇರುತ್ತಾರೆ. ಅದರಲ್ಲಿ ಹುಟ್ಟು, ಓದು, ಸೇವೆ ಎಲ್ಲಾ ಬಂದೇ ಬರುತ್ತದೆ. ನೀವೂ ಅದನ್ನೇ ಓದಿದರೆ ಜನ ಅರ್ಧ ಗಂಟೆಯೊಳಗೆ ಒಂದೇ ಪಟ್ಟಿ ಎರಡು ಸಲ ಕೇಳುತ್ತಾರೆ, ಎರಡನೇ ಸಲಕ್ಕೆ ಹಿಂದಿನ ಸಾಲಿನಲ್ಲಿ ಮಾತು ಶುರುವಾಗುತ್ತದೆ. ಇವತ್ತೇ ಆ ಪತ್ರ ಬರೆಯುವವರ ಜೊತೆ ಕೂತು ಹಂಚಿಕೊಳ್ಳಿ. ವರ್ಷಗಳು, ಊರುಗಳು ಪತ್ರಕ್ಕೆ ಇರಲಿ. ಪಾಠದ ನೆನಪು ನಿಮಗಿರಲಿ.

ಮೂರು ನಿಮಿಷ ದಾಟಬೇಡಿ. ಮನೆಯಲ್ಲಿ ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಮನಸ್ಸಿನಲ್ಲಿ ಓದಿದರೆ ಸಮಯ ತಿಳಿಯಲ್ಲ. ಅಕ್ಕೋರು ಕಲಿಸಿದ್ದರಲ್ಲಿ ಇಡೀ ಬ್ಯಾಚಿಗೆ ನೆನಪಿರೋದು ಏನು ಹೇಳಿ.

ಗದಗ: ಒಂದಿದೆ. ಪೈಥಾಗೊರಸ್ ಪ್ರಮೇಯವನ್ನು ಅಂಗಳದಲ್ಲಿ ಕಲಿಸಿದ್ದರು. ಹಗ್ಗಕ್ಕೆ ಸಮ ದೂರದಲ್ಲಿ ಗುರುತು ಹಾಕಿ 3, 4, 5 ಭಾಗ ಹಿಡಿದು ಮೂವರನ್ನು ಮೂರು ಮೂಲೆಗೆ ನಿಲ್ಲಿಸಿದ್ದರು. ಆ ಮೂಲೆಯಿಂದಲೇ ಖೋ ಖೋ ಅಂಕಣದ ಗೆರೆ ಎಳೆದೆವು. ಅವರು ಬಡ ಮಕ್ಕಳ ಪರೀಕ್ಷಾ ಶುಲ್ಕವನ್ನೂ ಕಟ್ಟುತ್ತಿದ್ದರು. ಅದನ್ನೂ ಹೇಳಲಾ?

ಹಾವೇರಿಯಿಂದ, ನಿವೃತ್ತ ಶಿಕ್ಷಕರು: ನನ್ನನ್ನೂ ಹೀಗೇ ಒಂದು ಕಡೆ ಕರೆದಿದ್ದರು ತಮ್ಮಾ. ನಾನು ವಿಜ್ಞಾನ ಕಲಿಸಿದವನು, ಸಮಾಜ ವಿಜ್ಞಾನ ಅಂದುಬಿಟ್ಟರು. ವೇದಿಕೆ ಮೇಲೆ ಕೂತು ತಿದ್ದುವುದು ಹೇಗೆ? ಅದಕ್ಕಿಂತ ಕಷ್ಟ ಆಗಿದ್ದು ಬೇರೆ. ನಾನು ಹೇಳಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕಥೆಯನ್ನೇ ಪರಿಚಯ ಮಾಡಿದವರು ಪೂರ್ತಿ ಹೇಳಿ ಮುಗಿಸಿದರು. ಮೈಕ್ ಕೈಗೆ ಬಂದಾಗ ನನ್ನ ಬಳಿ ಮಾತೇ ಉಳಿದಿರಲಿಲ್ಲ. ಅಕ್ಕೋರು ಯಾವ ವಿಷಯ ಮಾತಾಡುತ್ತಾರೆ ಅಂತ ಮೊದಲೇ ಕೇಳಿಕೋ.

ಧಾರವಾಡ: ಸರ್ ಹೇಳಿದ್ದು ನನಗೂ ಹೊಸ ಪಾಠ. ಹಗ್ಗದ ಪ್ರಸಂಗ ಹೇಳುತ್ತೀನಿ ಅಂತ ಅಕ್ಕೋರಿಗೆ ತಿಳಿಸಿಬಿಡಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಖೋ ಖೋ ಅಂಕಣಕ್ಕೆ ಗೆರೆ ಹಾಕಿದ್ದು ಒಂದು ಗಣಿತದ ಪಿರಿಯಡ್‌ನಲ್ಲಿ. ಒಬ್ಬ ಮೂರನೇ ಗುರುತು ಹಿಡಿದ, ಒಬ್ಬ ಏಳನೇದು ಹಿಡಿದ, ಇನ್ನೊಬ್ಬ ಹಗ್ಗದ ಎರಡೂ ತುದಿ ಸೇರಿಸಿ ಹಿಡಿದ. ಅಕ್ಕೋರು 'ಜಗ್ಗಿ ಹಿಡೀರಿ' ಅಂದರು. ಮೂರನೇ ಗುರುತಿನ ಮೂಲೆ ತಾನಾಗಿ ಲಂಬಕೋನವಾಯಿತು. ಪ್ರಮೇಯ ಪುಸ್ತಕದಿಂದ ಅಂಗಳಕ್ಕೆ ಬಂದಿದ್ದು ಅವತ್ತು. ಅವತ್ತು ಹಗ್ಗ ಹಿಡಿದವರು ಈ ಸಭೆಯಲ್ಲಿದ್ದರೆ ದಯವಿಟ್ಟು ಎದ್ದು ನಿಲ್ಲಿ."

ಇಲ್ಲಿ ಸ್ವಲ್ಪ ತಡೆಯಿರಿ. ಅವರು ಎದ್ದು ನಿಂತ ಮೇಲೆ ಅಕ್ಕೋರು ಎಷ್ಟು ವರ್ಷ ನಿಮ್ಮ ಶಾಲೆಯಲ್ಲಿದ್ದರು ಅಂತ ಒಂದೇ ವಾಕ್ಯದಲ್ಲಿ ಹೇಳಿ. ಪೂರ್ತಿ ಹೆಸರನ್ನು ಕೊನೆಗೆ ನಿಧಾನವಾಗಿ ಹೇಳಿ. ಹೆಸರಾದ ಮೇಲೆ ಮತ್ತೇನೂ ಸೇರಿಸಬೇಡಿ, ಚಪ್ಪಾಳೆ ಅಲ್ಲೇ ಬರುತ್ತದೆ.

ಶುಲ್ಕದ ಮಾತು ನಾನಾದರೆ ಬಿಡುತ್ತೇನೆ. ಸಹಾಯ ಪಡೆದವರು ಹೆಂಡತಿ ಮಕ್ಕಳ ಜೊತೆ ಬಂದಿರುತ್ತಾರೆ. ಹೆಸರು ಹೇಳದಿದ್ದರೂ ಸಭೆ ಅವರನ್ನು ಹುಡುಕುತ್ತದೆ.

ಹುಬ್ಬಳ್ಳಿಯಿಂದ: ನಾನು ಒಪ್ಪಲ್ಲ. ನನಗೂ ಒಬ್ಬ ಮಾಸ್ತರು ಶುಲ್ಕ ಕಟ್ಟಿದ್ದರು. ಅದನ್ನು ಯಾರೂ ಹೇಳದೇ ಹೋದರೆ ನನಗೆ ನೋವಾಗುತ್ತದೆ. ನಾನೇ ಎದ್ದು ಹೇಳಿದ್ದೆ.

ಧಾರವಾಡ: ನೀವೇ ಹೇಳಿದಿರಿ, ಅದು ಬೇರೆ ಅಲ್ವಾ. ಗದಗಿನವರು ಅಂಥ ಗೆಳೆಯರನ್ನು ಮೊದಲೇ ಕೇಳಿ, ಒಪ್ಪಿದರೆ ಅನಿಸಿಕೆ ಹೇಳುವ ಹೊತ್ತಿಗೆ ಅವರಿಗೇ ಮೈಕ್ ಕೊಡಬಹುದು.

ಬ್ಯಾಡಗಿ: ಪ್ರಶಸ್ತಿ ಬಂದಿದ್ದರೆ ಪರಿಚಯದಲ್ಲೇ ಹೇಳಬೇಕು ಅನ್ನೋದು ಈಗಲೂ ನನ್ನ ಮಾತು. ಸನ್ಮಾನ ಪತ್ರ ಓದುವಾಗ ಎಲ್ಲರೂ ಫೋಟೋ ತೆಗೆಯೋದರಲ್ಲಿ ಇರುತ್ತಾರೆ, ಯಾರಿಗೂ ಕೇಳಿಸಲ್ಲ.

ಗದಗ: ಅದೂ ನಿಜವೇ. ಪತ್ರ ಬರೆಯುತ್ತಿರುವ ಗೆಳತಿಗೆ ಈಗಲೇ ಫೋನ್ ಮಾಡ್ತೀನಿ, ಆಮೇಲೆ ಅಕ್ಕೋರಿಗೆ. ಹಗ್ಗ ಹಿಡಿದವರಲ್ಲಿ ಇಬ್ಬರು ಬರುತ್ತಿದ್ದಾರೆ. ಮೂರನೆಯವರು ಯಾರು ಅಂತ ಗುಂಪಿನಲ್ಲಿ ಇನ್ನೂ ಜಗಳ ನಡೆದಿದೆ.